ಎರಡನೇ ಸಂಸಾರ, ಜಂಟಿ ಆಸ್ತಿ, ಒಂದು ವಿಲ್: ಮೊದಲು ನಿಮ್ಮ ಪಾಲು ಎಷ್ಟು ಅಂತ ನೋಡಿ

"ನನ್ನ ಮೈಸೂರಿನ ಮನೆಯು ನನ್ನ ಹೆಂಡತಿಗೆ, ಆಕೆಯ ತರುವಾಯ ನನ್ನ ಮಕ್ಕಳಿಗೆ ಸಮಭಾಗವಾಗಿ ಸೇರತಕ್ಕದ್ದು."

ಓದೋಕೆ ಎಷ್ಟು ಸಲೀಸಾಗಿದೆ ಅಲ್ವಾ? ಒಂದೇ ಸಂಸಾರ ಇರುವವರು ಹೀಗೆ ಬರೆದರೆ ಎಷ್ಟೋ ಸಲ ನಡೆದುಹೋಗುತ್ತದೆ. ಎರಡನೇ ಮದುವೆಯಾದವರು ಬರೆದರೆ ಈ ಒಂದು ಸಾಲಿನಿಂದಲೇ ಹತ್ತು ವರ್ಷದ ಕೇಸು ಹುಟ್ಟಬಹುದು. "ನನ್ನ ಮನೆ" ಅಂದರೆ ಎಷ್ಟು? "ನನ್ನ ಮಕ್ಕಳು" ಅಂದರೆ ಯಾರು ಯಾರು? "ಆಕೆಯ ತರುವಾಯ" ಅಂದರೆ ಅಲ್ಲಿಯವರೆಗೆ ಆಕೆ ಮಾಲೀಕಳೋ, ಬರೀ ವಾಸಕ್ಕೆ ಇರುವವಳೋ?

ವಿಲ್ ಬರೆಸಲು ಬರುವವರು ಯಾರಿಗೆ ಕೊಡಬೇಕು ಅನ್ನುವುದನ್ನು ಬಹಳ ಯೋಚನೆ ಮಾಡಿಕೊಂಡು ಬಂದಿರುತ್ತಾರೆ. ಕೊಡುವುದಕ್ಕೆ ತಮ್ಮ ಹತ್ತಿರ ಎಷ್ಟಿದೆ ಅನ್ನುವುದನ್ನು ನೋಡಿರುವುದಿಲ್ಲ. ನನ್ನ ಪ್ರಕಾರ ಜಗಳದ ಬೇರು ಇರುವುದು ಅಲ್ಲಿ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ನಿವೃತ್ತ ಮೇಷ್ಟ್ರು, ವಯಸ್ಸು 68. ಮೊದಲ ಹೆಂಡತಿಯೂ ಟೀಚರ್. 1991ರಲ್ಲಿ ಇಬ್ಬರೂ ದುಡ್ಡು ಹಾಕಿ 30x40 ಸೈಟು ಕೊಂಡರು. ಕ್ರಯಪತ್ರ ಇಬ್ಬರ ಹೆಸರಿನಲ್ಲಿ. ಮನೆಯನ್ನೂ ಕಟ್ಟಿಸಿದರು. ಒಬ್ಬ ಮಗ, ಒಬ್ಬಳು ಮಗಳು. 2006ರಲ್ಲಿ ಹೆಂಡತಿ ತೀರಿಕೊಂಡರು. ಅವರು ವಿಲ್ ಬರೆದಿರಲಿಲ್ಲ. 2009ರಲ್ಲಿ ಮೇಷ್ಟ್ರು ಒಬ್ಬ ವಿಧವೆಯನ್ನು ಮದುವೆಯಾದರು. ಆಕೆಗೆ ಮೊದಲ ಮದುವೆಯಿಂದ ಐದು ವರ್ಷದ ಮಗ ಇದ್ದ. ಆಮೇಲೆ ಇಬ್ಬರಿಗೂ ಒಬ್ಬಳು ಮಗಳು ಹುಟ್ಟಿದಳು. 2016ರಲ್ಲಿ ಎರಡನೇ ಹೆಂಡತಿ ಜೊತೆ ಜಂಟಿಯಾಗಿ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡರು. ಊರಲ್ಲಿ ಒಂದೂವರೆ ಎಕರೆ ಜಮೀನಿದೆ. ಬ್ಯಾಂಕಿನಲ್ಲಿ ಸ್ವಲ್ಪ ಎಫ್‌ಡಿ ಇದೆ. ಇಷ್ಟೇ ಆಸ್ತಿ.

ಇಲ್ಲಿ ಹೇಳುವುದೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವವರಿಗೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ನಿಯಮಗಳು ಬೇರೆ.

ಮೈಸೂರಿನ ಮನೆ ಪೂರ್ತಿ ಮೇಷ್ಟ್ರದ್ದಲ್ಲ

ಮನೆ ಕಂದಾಯ ಈಗ ಮೇಷ್ಟ್ರ ಹೆಸರಿನಲ್ಲಿದೆ. ಹೆಂಡತಿ ಹೋದ ಮೇಲೆ ಖಾತೆ ಬದಲಾಯಿಸಿದರು. ಮಕ್ಕಳು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಹಾಗಾಗಿ ಮನೆ ತಮ್ಮದೇ ಅಂತ ಮೇಷ್ಟ್ರು ಇಪ್ಪತ್ತು ವರ್ಷದಿಂದ ನಂಬಿದ್ದಾರೆ. ಆದರೆ ಖಾತೆ ಕಂದಾಯ ಕಟ್ಟುವವರು ಯಾರು ಅಂತ ಹೇಳುತ್ತದೆಯೇ ಹೊರತು ಮಾಲೀಕರು ಯಾರು ಅಂತ ತೀರ್ಮಾನ ಮಾಡುವುದಿಲ್ಲ.

ಲೆಕ್ಕ ಹೀಗಿದೆ. ಮನೆಗೆ ಈಗ 90 ಲಕ್ಷ ಬೆಲೆ ಅಂದುಕೊಳ್ಳಿ. ಮೇಷ್ಟ್ರ ಅರ್ಧ 45 ಲಕ್ಷ, ಮೊದಲ ಹೆಂಡತಿಯ ಅರ್ಧ 45 ಲಕ್ಷ. ಹಿಂದೂ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ ಆಕೆಯ ಆಸ್ತಿ ಮೊದಲು ಗಂಡನಿಗೂ ಮಕ್ಕಳಿಗೂ ಸಮವಾಗಿ ಹೋಗುತ್ತದೆ. ಇಲ್ಲಿ ಮೂರು ಜನ. ತಲಾ 15 ಲಕ್ಷ. ಅಂದರೆ ಮೇಷ್ಟ್ರದ್ದು 60 ಲಕ್ಷದ ಪಾಲು, ಮೂರರಲ್ಲಿ ಎರಡು ಭಾಗ. ದೊಡ್ಡ ಮಗನದು ಆರನೇ ಒಂದು ಭಾಗ, ದೊಡ್ಡ ಮಗಳದ್ದೂ ಆರನೇ ಒಂದು ಭಾಗ. ತಾಯಿ ತೀರಿಕೊಂಡ ದಿನವೇ ಈ ಪಾಲು ಮಕ್ಕಳದ್ದಾಗಿದೆ.

ಮೇಷ್ಟ್ರು "ನನ್ನ ಮನೆಯನ್ನು ನನ್ನ ಹೆಂಡತಿಗೆ" ಅಂತ ಬರೆದರೆ ಏನಾಗುತ್ತದೆ? ಮಕ್ಕಳ ಪಾಲನ್ನು ಅವರು ಕೊಡಲಾರರು. ವಿಲ್ ಅಷ್ಟರ ಮಟ್ಟಿಗೆ ನಡೆಯುವುದಿಲ್ಲ. ಎರಡನೇ ಹೆಂಡತಿ ವಿಲ್ ಹಿಡಿದು ಪೂರ್ತಿ ಮನೆ ಕೇಳುತ್ತಾರೆ. ಮಕ್ಕಳು ಅಮ್ಮನ ಪಾಲು ತೋರಿಸಿ ವಿಭಾಗದ ದಾವೆ ಹಾಕುತ್ತಾರೆ. ಅಲ್ಲಿಂದ ಮುಂದೆ ಎರಡೂ ಕಡೆಯವರು ಮೇಷ್ಟ್ರ ಬಗ್ಗೆ ಏನೇನು ಮಾತಾಡುತ್ತಾರೆ ಅನ್ನುವುದನ್ನು ಅವರು ಕೇಳಿಸಿಕೊಳ್ಳಲು ಇರುವುದಿಲ್ಲ.

ಮಕ್ಕಳು ಅಂದು ಸಹಿ ಹಾಕಿದ ಒಪ್ಪಿಗೆ ಪತ್ರ ಸಾಕಾಗುವುದಿಲ್ಲವೇ? ಸಾಕಾಗುವುದಿಲ್ಲ. ಸ್ಥಿರಾಸ್ತಿಯಲ್ಲಿ ಪಾಲು ಬಿಟ್ಟುಕೊಡಲು ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕು. ಅದು ಆಗಿದ್ದರೆ ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇಸಿಯಲ್ಲಿ ಕಾಣುತ್ತದೆ. ಆದ್ದರಿಂದ ವಿಲ್ ಬರೆಯಲು ಕೂರುವ ಮೊದಲು ಎರಡು ಕಾಗದ ಮುಂದಿರಲಿ: ಮೂಲ ಕ್ರಯಪತ್ರ ಮತ್ತು ಅಂದಿನಿಂದ ಇಂದಿನವರೆಗಿನ ಇಸಿ. ಕ್ರಯಪತ್ರದಲ್ಲಿ ಎಷ್ಟು ಹೆಸರಿವೆ, ಅವರಲ್ಲಿ ಯಾರು ಈಗ ಇಲ್ಲ, ಅವರು ಹೋದಾಗ ಯಾರು ಯಾರು ಇದ್ದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆಯೇ ವಿಲ್‌ಗೆ ಅಡಿಪಾಯ.

ಇಬ್ಬರ ಹೆಸರಿನ ಫ್ಲ್ಯಾಟ್

ಬಹಳ ಜನರ ನಂಬಿಕೆ ಹೀಗಿದೆ: "ಜಂಟಿ ಹೆಸರಲ್ಲಿದೆ, ಒಬ್ಬರು ಹೋದರೆ ತಾನಾಗೇ ಇನ್ನೊಬ್ಬರಿಗೆ ಬರುತ್ತೆ." ನಮ್ಮಲ್ಲಿ ಹಾಗಿಲ್ಲ. ಕ್ರಯಪತ್ರದಲ್ಲೇ ಹಾಗೆ ಸ್ಪಷ್ಟವಾಗಿ ಬರೆದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಪ್ರತ್ಯೇಕ ಪಾಲು. ಸತ್ತವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ. ಮೇಷ್ಟ್ರು ವಿಲ್ ಇಲ್ಲದೆ ತೀರಿಕೊಂಡರೆ ಅವರ ಪಾಲಿಗೆ ಹೆಂಡತಿ, ದೊಡ್ಡ ಮಗ, ದೊಡ್ಡ ಮಗಳು, ಚಿಕ್ಕ ಮಗಳು ನಾಲ್ವರೂ ಸಮಾನ ಹಕ್ಕುದಾರರು. ಹೆಂಡತಿ ತಾನೂ ಕಂತು ಕಟ್ಟಿ ಕೊಂಡ ಫ್ಲ್ಯಾಟ್‌ನಲ್ಲಿ ಮೊದಲ ಹೆಂಡತಿಯ ಮಕ್ಕಳ ಜೊತೆ ಪಾಲುದಾರಳಾಗುತ್ತಾಳೆ. ಮಾರಬೇಕಾದರೆ ಎಲ್ಲರ ಸಹಿ ಬೇಕು.

ಇನ್ನೊಂದು ತೊಡಕಿದೆ. ಫ್ಲ್ಯಾಟ್‌ನಲ್ಲಿ ಮೇಷ್ಟ್ರ ಪಾಲು ಎಷ್ಟು? ಕ್ರಯಪತ್ರದಲ್ಲಿ ಬರೆದಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಯಾರು ಎಷ್ಟು ದುಡ್ಡು ಹಾಕಿದರೋ ಅಷ್ಟು ಪಾಲು. ಅದಕ್ಕೆ ಪುರಾವೆ ಸಿಗದಿದ್ದರೆ ಸಮಪಾಲು ಅಂತ ಎಣಿಸುತ್ತಾರೆ. ನಾಳೆ ದೊಡ್ಡ ಮಗ ಬ್ಯಾಂಕ್ ಸ್ಟೇಟ್‌ಮೆಂಟ್ ತಂದು "ಮುಕ್ಕಾಲು ದುಡ್ಡು ಅಪ್ಪಂದೇ" ಅನ್ನಬಹುದು. ಅದಕ್ಕೇ ವಿಲ್‌ನಲ್ಲಿ ಭಾಗ ನಮೂದಿಸಿ ಸುಮ್ಮನಾಗಬಾರದು. ಹೀಗೆ ಬರೆಯುವುದು ಮೇಲು:

"ಸದರಿ ಫ್ಲ್ಯಾಟ್‌ನಲ್ಲಿ ಅರ್ಧ ಭಾಗ ನನ್ನ ಪತ್ನಿಯ ಸ್ವಂತದ್ದೆಂದು ನಾನು ಒಪ್ಪಿರುತ್ತೇನೆ. ಉಳಿದ ಅರ್ಧವನ್ನೂ, ಯಾವ ಕಾರಣದಿಂದಲಾದರೂ ನನ್ನ ಪಾಲು ಅದಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದು ತೀರ್ಮಾನವಾದರೆ ಆ ಪಾಲನ್ನೂ ಪೂರ್ತಿಯಾಗಿ ಆಕೆಗೇ ಬರೆದಿರುತ್ತೇನೆ."

ಪಾಲು ಎಷ್ಟು ಅನ್ನುವ ವಾದ ಎದ್ದರೂ ಫಲ ಬದಲಾಗುವುದಿಲ್ಲ. ಹಾಗಾದಾಗ ಆ ವಾದ ಎತ್ತುವುದಕ್ಕೇ ಯಾರೂ ಹೋಗುವುದಿಲ್ಲ.

ಊರಿನ ಜಮೀನು: ತಾತನದ್ದೆಲ್ಲ ಪಿತ್ರಾರ್ಜಿತವಲ್ಲ

ಜಮೀನನ್ನು ಮೇಷ್ಟ್ರ ತಂದೆ ತಮ್ಮ ಸಂಪಾದನೆಯಲ್ಲಿ ಕೊಂಡಿದ್ದರು. ಮೂರು ಎಕರೆ. 1998ರಲ್ಲಿ ವಿಲ್ ಇಲ್ಲದೆ ತೀರಿಕೊಂಡರು. ಮೇಷ್ಟ್ರು, ಅವರ ತಂಗಿ ಇಬ್ಬರೇ ವಾರಸುದಾರರು. ವಿಭಾಗ ಪತ್ರ ಮಾಡಿಕೊಂಡು ಒಂದೂವರೆ ಎಕರೆ ತಲಾ ಹಂಚಿಕೊಂಡರು. ಈಗ ದೊಡ್ಡ ಮಗ "ತಾತನ ಜಮೀನು, ಹುಟ್ಟಿದಾಗಿನಿಂದ ನನಗೂ ಪಾಲಿದೆ" ಅನ್ನುತ್ತಾನೆ.

ಇದು ನಿಜವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತಂದೆಯ ಸ್ವಯಾರ್ಜಿತ ಆಸ್ತಿ ಮಗನಿಗೆ ವಾರಸುದಾರಿಕೆಯಿಂದ ಬಂದರೆ ಅದು ಮಗನ ಸ್ವಂತದ್ದು. ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕು ಬರುವುದಿಲ್ಲ. ಸುಪ್ರೀಂ ಕೋರ್ಟ್ 1986ರಲ್ಲೇ ಚಂದರ್ ಸೇನ್ ಪ್ರಕರಣದಲ್ಲಿ ಇದನ್ನು ಹೇಳಿದೆ. ಆದರೆ ವಿಲ್‌ನಲ್ಲಿ ಅಭ್ಯಾಸಬಲದಿಂದ "ನನ್ನ ಪಿತ್ರಾರ್ಜಿತ ಜಮೀನು" ಅಂತ ಬರೆದುಬಿಟ್ಟರೆ ಮಗನ ವಕೀಲರಿಗೆ ಅದೇ ಹಿಡಿಕೆ. "ನನ್ನ ತಂದೆ ಇಂಥ ಕ್ರಯಪತ್ರದ ಮೂಲಕ ಸ್ವಂತ ಸಂಪಾದನೆಯಿಂದ ಕೊಂಡು, ಅವರ ಮರಣಾನಂತರ ವಾರಸುದಾರಿಕೆಯಿಂದ, ಇಂಥ ವಿಭಾಗ ಪತ್ರದ ಮೂಲಕ ನನಗೆ ಬಂದ ಜಮೀನು" ಅಂತ ಪೂರ್ತಿ ಬರೆಯಬೇಕು. ಸರ್ವೆ ನಂಬರು, ಚೆಕ್ಕುಬಂದಿ ಕೂಡ ಇರಲಿ.

ಒಂದು ವೇಳೆ ಅದು ನಿಜಕ್ಕೂ ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಮೇಷ್ಟ್ರು ತಮ್ಮ ಪಾಲನ್ನು ಮಾತ್ರ ವಿಲ್ ಮಾಡಬಹುದು. ಗಂಡು ಮಕ್ಕಳಂತೆ ಹೆಣ್ಣು ಮಕ್ಕಳೂ ಹುಟ್ಟಿನಿಂದ ಸಮಪಾಲುದಾರರು. 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಇದರಲ್ಲಿ ಸಂಶಯ ಉಳಿದಿಲ್ಲ. ಆ ಸಂದರ್ಭದಲ್ಲಿ ನಾಲ್ಕನೇ ಒಂದು, ಐದನೇ ಒಂದು ಅಂತ ಭಾಗ ಬರೆಯಲು ಹೋಗಬೇಡಿ. ಒಂದು ಮಗು ಹುಟ್ಟಿದರೆ, ಒಬ್ಬರು ತೀರಿಕೊಂಡರೆ ಭಾಗ ಬದಲಾಗುತ್ತದೆ. "ನನ್ನ ಮರಣದ ದಿನ ನನ್ನ ಪಾಲಿಗೆ ಎಷ್ಟು ಬರುತ್ತದೋ ಅಷ್ಟೂ" ಅಂದರೆ ಸಾಕು.

"ಆಕೆಯ ತರುವಾಯ" ಅನ್ನುವ ಗಂಟು

ಮೇಷ್ಟ್ರ ಮನಸ್ಸು ಅರ್ಥವಾಗುತ್ತದೆ. ತಾನು ಹೋದ ಮೇಲೆ ಹೆಂಡತಿ ಬೀದಿಗೆ ಬೀಳಬಾರದು. ಹಾಗಂತ ಮೊದಲ ಹೆಂಡತಿ ಜೊತೆ ಕಟ್ಟಿಸಿದ ಮನೆ ಆಕೆಯ ಮಕ್ಕಳ ಕೈ ತಪ್ಪಲೂ ಬಾರದು. ಅದಕ್ಕೇ "ಹೆಂಡತಿಗೆ, ಆಕೆಯ ತರುವಾಯ ಮಕ್ಕಳಿಗೆ" ಅಂತ ಬರೆಸುತ್ತಾರೆ.

ಆದರೆ ವಿಲ್‌ನಲ್ಲಿ ಹೆಂಡತಿಗೆ ಪೂರ್ಣ ಹಕ್ಕು ಕೊಟ್ಟಂತೆ ಕಂಡರೆ ಆಮೇಲಿನ "ತರುವಾಯ" ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಪೂರ್ತಿ ಕೊಟ್ಟ ಮೇಲೆ ಅದನ್ನೇ ಮತ್ತೊಬ್ಬರಿಗೆ ಕೊಡಲು ಬರುವುದಿಲ್ಲ. ಆಗ ಆಕೆ ಮಾರಬಹುದು, ಯಾರಿಗೆ ಬೇಕಾದರೂ ಬರೆಯಬಹುದು. ಏನೂ ಬರೆಯದೆ ತೀರಿಕೊಂಡರೆ ಆಕೆಯ ಆಸ್ತಿ ಆಕೆ ಹೆತ್ತ ಮಕ್ಕಳಿಗೆ ಹೋಗುತ್ತದೆ. ಅಂದರೆ ಆಕೆಯ ಮೊದಲ ಮದುವೆಯ ಮಗನಿಗೆ ಅರ್ಧ, ಚಿಕ್ಕ ಮಗಳಿಗೆ ಅರ್ಧ. ಮಲಮಕ್ಕಳಾದ ದೊಡ್ಡ ಮಗ, ದೊಡ್ಡ ಮಗಳಿಗೆ ಆ ಪಾಲಿನಲ್ಲಿ ಒಂದು ರೂಪಾಯಿಯೂ ಇಲ್ಲ. ಅವರ ಅಮ್ಮ ಸಂಬಳ ಹಾಕಿ ಕಟ್ಟಿಸಿದ ಮನೆ ಅದು!

ಇದನ್ನು ತಪ್ಪಿಸಲು ಜೀವಿತಾವಧಿಯ ಹಕ್ಕು ಮಾತ್ರ ಕೊಡುವುದುಂಟು. ಹಾಗೆ ಮಾಡುವುದಾದರೆ ಏನು ಮಾಡಬಹುದು, ಏನು ಮಾಡಬಾರದು ಎರಡನ್ನೂ ಬರೆಯಬೇಕು. ವಾಸ ಮಾಡಬಹುದು, ಬಾಡಿಗೆಗೆ ಕೊಟ್ಟು ಬಾಡಿಗೆ ತಿನ್ನಬಹುದು. ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಕೊಡುವಂತಿಲ್ಲ, ವಿಲ್ ಬರೆಯುವಂತಿಲ್ಲ. ಕಂದಾಯ ಯಾರು ಕಟ್ಟಬೇಕು, ಸೂರು ಸೋರಿದರೆ ಯಾರು ರಿಪೇರಿ ಮಾಡಿಸಬೇಕು ಅನ್ನುವುದೂ ಇರಬೇಕು.

ಇಷ್ಟು ಬರೆದರೂ ಒಂದು ಅಪಾಯ ಉಳಿಯುತ್ತದೆ. ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಎರಡನೇ ಭಾಗ, ವಿಲ್ ಮೂಲಕ ಸೀಮಿತ ಹಕ್ಕು ಕೊಟ್ಟರೆ ಅದು ಸೀಮಿತವಾಗಿಯೇ ಇರುತ್ತದೆ ಅನ್ನುತ್ತದೆ. ಆದರೆ ಹೆಂಡತಿಗೆ ಜೀವನಾಂಶದ ಹಕ್ಕು ಮೊದಲೇ ಇದೆ. ಆ ಹಕ್ಕಿಗೆ ಬದಲಾಗಿ ಆಸ್ತಿ ಕೊಟ್ಟಿದ್ದರೆ, ಎಷ್ಟೇ ಷರತ್ತು ಹಾಕಿದ್ದರೂ ಅದು ಆಕೆಯ ಪೂರ್ಣ ಸ್ವತ್ತಾಗುತ್ತದೆ ಅಂತ 1977ರ ತುಳಸಮ್ಮ ತೀರ್ಪು ಹೇಳಿತು. ನಂತರದ ತೀರ್ಪುಗಳು ಒಂದೇ ದಾರಿಯಲ್ಲಿ ಹೋಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಈ ಗೊಂದಲವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. "ಆಕೆಯ ಜೀವನಾಂಶಕ್ಕಾಗಿ" ಅನ್ನುವ ಒಂದೇ ಪದ, ಪತ್ರ ಬರಹಗಾರರು ಒಳ್ಳೆಯ ಮನಸ್ಸಿನಿಂದ ಸೇರಿಸಿದ್ದು, ಇಡೀ ಲೆಕ್ಕಾಚಾರವನ್ನು ತಲೆಕೆಳಗೆ ಮಾಡಬಹುದು.

ಹಾಗಾಗಿ ನನ್ನ ಸಲಹೆ ಖಚಿತ: ಎರಡನೇ ಹೆಂಡತಿಯನ್ನೂ ಮೊದಲ ಹೆಂಡತಿಯ ಮಕ್ಕಳನ್ನೂ ಒಂದೇ ಆಸ್ತಿಯಲ್ಲಿ ಕಟ್ಟಿಹಾಕಬೇಡಿ. ಜೀವಿತಾವಧಿಯ ಹಕ್ಕಿನಲ್ಲಿ ಕಟ್ಟಿಹಾಕಿದರೆ ಮಕ್ಕಳು ಆಕೆಯ ಸಾವಿಗೆ ಕಾಯುವಂತಾಗುತ್ತದೆ. ಸಾಧ್ಯವಿದ್ದರೆ ಬೇರೆ ಬೇರೆ ಆಸ್ತಿಯನ್ನು ಬೇರೆ ಬೇರೆಯವರಿಗೆ, ಪೂರ್ಣ ಹಕ್ಕಿನಿಂದ ಕೊಡಿ.

ಮೇಷ್ಟ್ರ ವಿಷಯದಲ್ಲಿ ಇದು ಚೆನ್ನಾಗಿ ಕೂರುತ್ತದೆ. ಮೈಸೂರಿನ ಮನೆಯ ಮೂರರಲ್ಲಿ ಎರಡು ಭಾಗ ದೊಡ್ಡ ಮಗ, ದೊಡ್ಡ ಮಗಳಿಗೆ ಸಮವಾಗಿ. ಅವರ ಹತ್ತಿರ ಈಗಿರುವ ಪಾಲೂ ಸೇರಿ ಮನೆ ಅವರಿಬ್ಬರದ್ದೇ ಆಗುತ್ತದೆ. ಫ್ಲ್ಯಾಟ್ ಪೂರ್ತಿ ಹೆಂಡತಿಗೆ. ಜಮೀನು ಚಿಕ್ಕ ಮಗಳಿಗೆ. ಎಫ್‌ಡಿಯಲ್ಲಿ ಒಂದು ಭಾಗ ಹೆಂಡತಿಯ ಮೊದಲ ಮದುವೆಯ ಮಗನಿಗೆ, ಉಳಿದದ್ದು ಹೆಂಡತಿಗೆ. ಬೆಲೆಯಲ್ಲಿ ಸಮ ಇರಲಿಕ್ಕಿಲ್ಲ. ಆದರೆ ಯಾರೂ ಯಾರ ಸಹಿಗೂ ಕಾಯಬೇಕಿಲ್ಲ.

"ಮಕ್ಕಳು" ಅಂದರೆ ಯಾರು

ಐದು ವರ್ಷದವನಿದ್ದಾಗಿನಿಂದ ಸಾಕಿದ ಹುಡುಗ ಮೇಷ್ಟ್ರನ್ನು ಅಪ್ಪ ಅಂತಲೇ ಕರೆಯುತ್ತಾನೆ. ಶಾಲೆಯ ದಾಖಲೆಯಲ್ಲೂ ಅವರದೇ ಹೆಸರು. ಆದರೂ ಕಾನೂನಿನ ಪ್ರಕಾರ ದತ್ತು ಆಗಿಲ್ಲದಿದ್ದರೆ ಅವನು ಮೇಷ್ಟ್ರ ವಾರಸುದಾರನಲ್ಲ. "ನನ್ನ ಮಕ್ಕಳಿಗೆ" ಅಂದರೆ ಅವನು ಸೇರಿದನೋ ಇಲ್ಲವೋ ಅಂತ ಜಗಳವಾಗುತ್ತದೆ. ಅದಕ್ಕೆ ವಿಲ್‌ನಲ್ಲಿ "ಮಕ್ಕಳು" ಅನ್ನುವ ಪದವನ್ನೇ ಬಿಡಿ. ಪ್ರತಿಯೊಬ್ಬರ ಪೂರ್ತಿ ಹೆಸರು, ಹುಟ್ಟಿದ ದಿನಾಂಕ, ತಾಯಿಯ ಹೆಸರು ಬರೆಯಿರಿ. "ಹೆಂಡತಿ" ಅಂತ ಬರೆಯುವಲ್ಲೂ ಹೆಸರು ಇರಲಿ.

ಮೊದಲ ಹೆಂಡತಿ ಬದುಕಿರುವಾಗಲೇ, ವಿಚ್ಛೇದನ ಆಗದೆ ಎರಡನೇ ಸಂಸಾರ ಮಾಡಿದವರಿಗೆ ಈ ಮಾತು ಇನ್ನೂ ಮುಖ್ಯ. ಆ ಮದುವೆ ಕಾನೂನಿನಲ್ಲಿ ಊರ್ಜಿತವಲ್ಲ. ಎರಡನೆಯವಳು ವಾರಸುದಾರಳಲ್ಲ. ಆಕೆಗೆ ಏನಾದರೂ ಸಿಗಬೇಕಾದರೆ ಇರುವ ಮುಖ್ಯ ದಾರಿ ವಿಲ್. ಆಕೆಯ ಮಕ್ಕಳ ಸ್ಥಿತಿ ಬೇರೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಹೇಳಿದ್ದು ಇದು: ಅಂಥ ಮಕ್ಕಳಿಗೆ ತಂದೆಯ ಸ್ವಂತ ಆಸ್ತಿಯಲ್ಲಿ ಪಾಲಿದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಯ ಪಾಲಿಗೆ ಬಂದಷ್ಟರಲ್ಲೂ ಇದೆ. ಆದರೆ ಅವರು ಹುಟ್ಟಿನಿಂದ ಸಮಪಾಲುದಾರರಾಗುವುದಿಲ್ಲ.

ಇಂಥವರು ವಿಲ್‌ನಲ್ಲಿ ಸಂಬಂಧವನ್ನು ಮುಚ್ಚಿಡಲು ನೋಡುತ್ತಾರೆ, ಇಲ್ಲ "ಧರ್ಮಪತ್ನಿ" ಅಂತ ಬರೆದು ಆ ಪದದ ಮೇಲೇ ಎಲ್ಲವನ್ನೂ ನಿಲ್ಲಿಸುತ್ತಾರೆ. ಎರಡೂ ಬೇಡ. "ಇಂಥ ಹೆಸರಿನ, ಇಂಥ ವಿಳಾಸದ ಇವರಿಗೆ ನಾನು ಕೊಡುತ್ತಿದ್ದೇನೆ. ನಮ್ಮ ಸಂಬಂಧದ ಬಗ್ಗೆ ಯಾವ ತೀರ್ಮಾನ ಬಂದರೂ ಈ ಕೊಡುಗೆ ಬಾಧಿತವಾಗತಕ್ಕದ್ದಲ್ಲ" ಅಂತ ಬರೆದರೆ ಕೊಡುಗೆ ವ್ಯಕ್ತಿಗೆ ಅಂಟಿಕೊಳ್ಳುತ್ತದೆ, ಸಂಬಂಧದ ಹೆಸರಿಗಲ್ಲ.

ಕೊಡುವವರಿಗಿಂತ ಮೊದಲು ಪಡೆಯುವವರು ಹೋದರೆ

ಮೇಷ್ಟ್ರಿಗಿಂತ ಮೊದಲೇ ಹೆಂಡತಿ ತೀರಿಕೊಂಡರೆ ಆಕೆಗೆ ಬರೆದದ್ದು ಬಿದ್ದುಹೋಗುತ್ತದೆ. ಫ್ಲ್ಯಾಟ್‌ನ ಮೇಷ್ಟ್ರ ಪಾಲು ಆಗ ಯಾರಿಗೆ? ವಿಲ್‌ನಲ್ಲಿ ಇಲ್ಲದಿದ್ದರೆ ವಾರಸುದಾರರೆಲ್ಲರಿಗೂ. ಎಲ್ಲಿ ಬೇಡ ಅಂದುಕೊಂಡಿದ್ದರೋ ಅಲ್ಲೇ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಆದ್ದರಿಂದ ಪ್ರತಿ ಕೊಡುಗೆಗೂ "ಅವರು ನನಗಿಂತ ಮೊದಲು ತೀರಿಕೊಂಡಲ್ಲಿ ಇಂಥವರಿಗೆ" ಅನ್ನುವ ಎರಡನೇ ಹೆಸರು ಬೇಕು. ಕೊನೆಯಲ್ಲಿ "ಇಲ್ಲಿ ಹೇಳದೆ ಉಳಿದ, ಮುಂದೆ ಸಂಪಾದಿಸುವ ಎಲ್ಲ ಆಸ್ತಿ ಇಂಥವರಿಗೆ" ಅನ್ನುವ ಸಾಲೂ ಬೇಕು.

ಗಂಡ ಹೆಂಡತಿ ಸೇರಿ ಒಂದೇ ಕಾಗದದಲ್ಲಿ ಜಂಟಿ ವಿಲ್ ಬರೆಯುವ ಅಭ್ಯಾಸವೂ ಇದೆ. ಎರಡು ಸಂಸಾರ ಇರುವಲ್ಲಿ ಅದನ್ನು ಮಾಡಲೇಬೇಡಿ. ಒಬ್ಬರು ಹೋದ ಮೇಲೆ ಉಳಿದವರು ಬದಲಾಯಿಸಬಹುದೇ ಅನ್ನುವುದೇ ಒಂದು ದಾವೆಯಾಗುತ್ತದೆ. ಇಬ್ಬರೂ ಬೇರೆ ಬೇರೆ ವಿಲ್ ಬರೆಯಲಿ. ಫ್ಲ್ಯಾಟ್‌ನಲ್ಲಿ ತನ್ನ ಅರ್ಧ ಯಾರಿಗೆ ಅಂತ ಹೆಂಡತಿಯೂ ಬರೆಯಬೇಕಲ್ವಾ?

ಬ್ಯಾಂಕಿನ ನಾಮಿನಿ ವಿಷಯವೂ ಇಲ್ಲೇ ಬರುತ್ತದೆ. ಎಫ್‌ಡಿಗೆ 2004ರಲ್ಲಿ ದೊಡ್ಡ ಮಗನ ಹೆಸರು ಕೊಟ್ಟು ಮೇಷ್ಟ್ರು ಮರೆತಿದ್ದಾರೆ. ಬ್ಯಾಂಕು ಅವನಿಗೇ ದುಡ್ಡು ಕೊಡುತ್ತದೆ. ನಾಮಿನಿ ಬರೀ ಪಡೆದುಕೊಳ್ಳುವವನು, ಮಾಲೀಕನಲ್ಲ. ದುಡ್ಡು ವಿಲ್‌ನಲ್ಲಿ ಹೇಳಿದವರಿಗೆ ಸೇರಬೇಕು. ಆದರೆ ಅವನ ಕೈಯಿಂದ ಅದನ್ನು ಬಿಡಿಸಿಕೊಳ್ಳಲು ಮಲತಾಯಿ ಕೋರ್ಟಿಗೆ ಹೋಗಬೇಕಾಗುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹೆಸರಿಸಿ, ಯಾರಿಗೆ ಶೇಕಡಾ ಎಷ್ಟು ಅಂತ ಹೇಳಬಹುದು. ವಿಲ್‌ನಲ್ಲಿ ಬರೆದ ಹಂಚಿಕೆಯನ್ನೇ ನಾಮಿನಿ ಫಾರಂನಲ್ಲೂ ತುಂಬಿ.

ಸಹಿ ಹಾಕುವ ದಿನ

ವಿಲ್‌ಗೆ ಸ್ಟ್ಯಾಂಪ್ ಪೇಪರ್ ಬೇಡ. ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಕಡ್ಡಾಯ. ಇಬ್ಬರೂ ನೀವು ಸಹಿ ಹಾಕುವುದನ್ನು ಕಣ್ಣಾರೆ ನೋಡಿ, ನಿಮ್ಮ ಮುಂದೆಯೇ ಸಹಿ ಹಾಕಲಿ. ಮುಂದೆ ವಿಲ್ ರುಜುವಾತು ಮಾಡಲು ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬರಬೇಕು. ಆದ್ದರಿಂದ ನಿಮ್ಮ ವಯಸ್ಸಿನ ಸ್ನೇಹಿತರಿಗಿಂತ ನಿಮಗಿಂತ ಚಿಕ್ಕವರು, ಯಾವ ಪಾಲೂ ಇಲ್ಲದವರು, ಎರಡೂ ಕಡೆಗೆ ಬೇಕಾದವರು ಇದ್ದರೆ ಒಳ್ಳೆಯದು.

ಎರಡನೇ ಸಂಸಾರ ಇರುವಲ್ಲಿ ನಾನು ನೋಂದಣಿ ಮಾಡಿಸಿ ಅಂತಲೇ ಹೇಳುತ್ತೇನೆ. ಆದರೆ ನೋಂದಣಿಯಾದ ಮಾತ್ರಕ್ಕೆ ವಿಲ್ ಗಟ್ಟಿಯಾಗುವುದಿಲ್ಲ. ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿಯಲ್ಲೇ ಇಂದಿಗೂ ವಿಲ್‌ಗಳನ್ನು ಅಳೆಯುತ್ತಾರೆ. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ, ಹತ್ತಿರದ ವಾರಸುದಾರರನ್ನು ಕಾರಣವಿಲ್ಲದೆ ಬಿಟ್ಟಿದ್ದರೆ ಸಂಶಯ ಬರುತ್ತದೆ. ಆ ಸಂಶಯ ನೀಗಿಸುವ ಹೊಣೆ ವಿಲ್ ತೋರಿಸುವವರದ್ದು. ಅಂದರೆ ಹೆಂಡತಿಯೇ ಆಟೋ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತಿರುವುದು ಬೇಡ. ಅಂದಿನ ದಿನಾಂಕದ ವೈದ್ಯರ ಪ್ರಮಾಣಪತ್ರ ಜೊತೆಗಿರಲಿ.

ಕಾರಣವನ್ನೂ ಬರೆಯಿರಿ, ನಿಮ್ಮದೇ ಮಾತಿನಲ್ಲಿ, ಎರಡು ಸಾಲು ಸಾಕು. "ಮೈಸೂರಿನ ಮನೆ ನನ್ನ ಮೊದಲ ಪತ್ನಿಯೂ ನಾನೂ ಸೇರಿ ಕಟ್ಟಿಸಿದ್ದು, ಅದು ಆಕೆಯ ಮಕ್ಕಳಿಗೇ ಸೇರಲಿ ಎಂದು ಫ್ಲ್ಯಾಟ್‌ನಲ್ಲಿ ಅವರಿಗೆ ಪಾಲು ಇಟ್ಟಿರುವುದಿಲ್ಲ." ನಾಳೆ ದೊಡ್ಡ ಮಗಳು ಈ ಸಾಲು ಓದಿದರೆ ಅಪ್ಪ ತನ್ನನ್ನು ಮರೆತರು ಅಂತ ಅಂದುಕೊಳ್ಳುವುದಿಲ್ಲ.

ಕೊನೆಗೊಂದು. ಮೇಷ್ಟ್ರು 2003ರಲ್ಲಿ, ಮೊದಲ ಹೆಂಡತಿ ಇದ್ದಾಗ, ಒಂದು ವಿಲ್ ಬರೆದು ಬೀರುವಿನಲ್ಲಿಟ್ಟಿದ್ದರು. ಎಲ್ಲ ಆಸ್ತಿ ಹೆಂಡತಿಗೆ, ಆಕೆ ಇಲ್ಲದಿದ್ದರೆ ಮಗನಿಗೆ ಅಂತ. ಮರುಮದುವೆಯಾದ ಕೂಡಲೇ ಅದು ರದ್ದಾಯಿತು ಅಂತ ಅವರು ಅಂದುಕೊಂಡಿದ್ದಾರೆ. ಹಿಂದೂಗಳ ವಿಲ್ ಮದುವೆಯಿಂದ ರದ್ದಾಗುವುದಿಲ್ಲ. ಅದು ಇವತ್ತಿಗೂ ಜೀವಂತ. ಹೊಸ ವಿಲ್‌ನ ಮೊದಲ ಪುಟದಲ್ಲೇ "ಇಂಥ ದಿನಾಂಕದ ವಿಲ್ಲನ್ನೂ ಇದಕ್ಕೆ ಹಿಂದಿನ ಎಲ್ಲ ವಿಲ್‌ಗಳನ್ನೂ ರದ್ದುಪಡಿಸಿರುತ್ತೇನೆ" ಅಂತ ಬರೆಯಬೇಕು. ಆಮೇಲೆ ಬೀರು ತೆಗೆದು ಆ ಹಳೆಯ ಕಾಗದವನ್ನು ತಮ್ಮ ಕೈಯಾರೆ ಹರಿದುಹಾಕಬೇಕು.